ಎಳೆ ಎಷ್ಟು ಬೇಕು? ಚುಕ್ಕಿ ಎಣಿಸಿದರೆ ಗೊತ್ತಾಗುತ್ತದೆ

ಚುಕ್ಕಿ ಇಟ್ಟು, ಆ ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಎಳೆ ಬಳಸಿ ತರುವ ರಂಗೋಲಿ ನೀವು ನೋಡಿರುತ್ತೀರಿ. ತಮಿಳರು ಇದಕ್ಕೆ ಸಿಕ್ಕು ಕೋಲಂ ಅನ್ನುತ್ತಾರೆ. ಇದರಲ್ಲಿ ಕೆಲವು ಒಂದೇ ಎಳೆಯಲ್ಲಿ ಮುಗಿಯುತ್ತವೆ. ಎಲ್ಲಿಂದ ಶುರು ಮಾಡಿದ್ದೆವೋ ಅಲ್ಲಿಗೇ ಬಂದು ಸೇರುತ್ತದೆ, ಒಂದು ಚುಕ್ಕಿಯೂ ಉಳಿಯುವುದಿಲ್ಲ. ಇನ್ನು ಕೆಲವಕ್ಕೆ ಎರಡು, ಮೂರು ಎಳೆ ಬೇಕಾಗುತ್ತದೆ. ಯಾವುದಕ್ಕೆ ಎಷ್ಟು ಎಂಬುದನ್ನು ಪುಡಿ ಮುಟ್ಟುವ ಮೊದಲೇ ಹೇಳಬಹುದು. ಚುಕ್ಕಿಯ ಲೆಕ್ಕ ಒಂದಿದ್ದರೆ ಸಾಕು. ಇವತ್ತು ಅದನ್ನೇ ಅಂಗಳದಲ್ಲಿ ಹಾಕಿ ನೋಡೋಣ.

ನೆಲ ಮತ್ತು ಪುಡಿ

ನಮ್ಮ ಕಲಬುರಗಿ ಕಡೆ ಬಹಳ ಮನೆಗಳ ಮುಂದೆ ಶಹಾಬಾದ್ ಫರಸಿ ಇರುತ್ತದೆ. ಬೂದು ಬಣ್ಣದ ಆ ಕಲ್ಲು ನೀರು ಬಿದ್ದ ಕೂಡಲೇ ಕಪ್ಪಾಗುತ್ತದೆ. ಬಿಳಿ ಎಳೆ ಅದರ ಮೇಲೆ ಎದ್ದು ಕಾಣುತ್ತದೆ. ಆದರೆ ಫರಸಿ ನುಣುಪು. ಒಣ ಕಲ್ಲಿನ ಮೇಲೆ ಪುಡಿ ನಿಲ್ಲುವುದಿಲ್ಲ, ಸಣ್ಣ ಗಾಳಿಗೂ ಜಾರುತ್ತದೆ. ನೀರು ನಿಂತಿದ್ದರೆ ಪುಡಿ ಅದನ್ನು ಹೀರಿ ಎಳೆ ಹರಡಿಕೊಳ್ಳುತ್ತದೆ. ಕಸ ಗುಡಿಸಿ, ನೀರು ಹಾಕಿ ತೊಳೆದ ಮೇಲೆ ಸ್ವಲ್ಪ ತಾಳಿ. ನೀರಿನ ಹೊಳಪು ಹೋಗಬೇಕು, ಕಲ್ಲಿನ ಕಪ್ಪು ಮಾತ್ರ ಉಳಿದಿರಬೇಕು. ಆಗ ಕೂರಬೇಕು. ಬೇಸಿಗೆಯಲ್ಲಿ ಈ ಹೊತ್ತು ಬಹಳ ಚಿಕ್ಕದು. ಬಿಸಿಲು ಏರಿದ ಮೇಲೆ ಕಲ್ಲು ನೋಡನೋಡುತ್ತಲೇ ಒಣಗುತ್ತದೆ. ಹೊತ್ತು ಹುಟ್ಟುವ ಮೊದಲೇ ಥಳಿ ಹೊಡೆದು ಮುಗಿಸುವ ರೂಢಿಗೆ ಇದೂ ಒಂದು ಕಾರಣ. ಮಣ್ಣಿನ ಅಂಗಳವಾದರೆ ಸಗಣಿ ನೀರಿನ ಥಳಿಯೇ ಬೇಕು, ಅದು ಧೂಳನ್ನು ಕೂರಿಸುತ್ತದೆ.

ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ತೀರಾ ನುಣ್ಣಗಿದ್ದರೆ ಬೆರಳ ಸಂದಿಯಲ್ಲಿ ಅಂಟಿಕೊಂಡು ಗಂಟು ಗಂಟಾಗಿ ಬೀಳುತ್ತದೆ. ಚೂರು ತರಿ ಇರುವುದನ್ನು ತನ್ನಿ. ಅಥವಾ ಜರಡಿ ಹಿಡಿದ ಸಣ್ಣ ಮರಳು ಸ್ವಲ್ಪ ಬೆರೆಸಿ. ಚಿಟಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತಾ ಬಿಡಬೇಕು. ಕೈ ನೆಲಕ್ಕೆ ಹತ್ತಿರ ಇದ್ದಷ್ಟೂ ಎಳೆ ಸಣ್ಣ.

ನಾಲ್ಕು ಚುಕ್ಕಿ, ಮೂರು ಸಾಲು

ಒಂದು ಸಾಲಿನಲ್ಲಿ 4 ಚುಕ್ಕಿ ಇಡಿ. ಅದರ ಕೆಳಗೆ ನೇರಕ್ಕೆ ಇನ್ನೂ ಎರಡು ಸಾಲು. ಒಟ್ಟು 12 ಚುಕ್ಕಿ. ಅಡ್ಡಕ್ಕೂ ಉದ್ದಕ್ಕೂ ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಬೆರಳಿನ ಅಂತರ ಒಂದೇ ಸಮ ಇರಲಿ. ಇಲ್ಲಿ ಹೆಚ್ಚುಕಡಿಮೆಯಾದರೆ ಆಮೇಲೆ ಎಳೆ ಎಷ್ಟು ಚೆನ್ನಾಗಿ ಬಂದರೂ ರಂಗೋಲಿ ಸೊಟ್ಟಗೇ ಕಾಣುತ್ತದೆ.

ಎಳೆಯ ನಿಯಮ ಒಂದೇ. ಅದು ಯಾವಾಗಲೂ ಓರೆಯಾಗಿ ಹೋಗುತ್ತದೆ, ಮತ್ತು ಅಕ್ಕಪಕ್ಕದ ಎರಡು ಚುಕ್ಕಿಗಳ ನಟ್ಟನಡುವೆ ಹಾಯುತ್ತದೆ. ಅಂಚಿಗೆ ಬಂದಾಗ ಅಲ್ಲಿನ ಚುಕ್ಕಿಯನ್ನು ಬಳಸಿ ಒಳಕ್ಕೆ ತಿರುಗುತ್ತದೆ.

ಮೇಲಿನ ಸಾಲಿನ ಮೊದಲ ಚುಕ್ಕಿಯ ನೆತ್ತಿಯಿಂದ ಶುರು ಮಾಡಿ. ಬಲಕ್ಕೆ ಓರೆಯಾಗಿ ಇಳಿಯಿರಿ. ಮೇಲಿನ ಸಾಲಿನ ಒಂದನೆಯ ಮತ್ತು ಎರಡನೆಯ ಚುಕ್ಕಿಯ ನಡುವೆ ಹಾಯ್ದು, ಎರಡನೆಯ ಚುಕ್ಕಿಯ ಕೆಳಗೆ ಹೋಗಿ, ನಡುಸಾಲಿನ ಎರಡು ಮತ್ತು ಮೂರರ ನಡುವೆ ಇಳಿದು, ಅಲ್ಲಿಂದ ಮೂರನೆಯ ಚುಕ್ಕಿಯ ಕೆಳಗೆ, ಕೊನೆಗೆ ಕೆಳಸಾಲಿನ ಮೂರು ಮತ್ತು ನಾಲ್ಕರ ನಡುವೆ. ಈಗ ಎಳೆ ಕೆಳಸಾಲಿನ ನಾಲ್ಕನೆಯ ಚುಕ್ಕಿಯ ಬುಡಕ್ಕೆ ಬಂದಿದೆ. ಅದು ಮೂಲೆಯ ಚುಕ್ಕಿ. ಅದನ್ನು ಬಲದಿಂದ ಸುತ್ತಿ, ಎಡಕ್ಕೆ ಓರೆಯಾಗಿ ಮೇಲೆ ಹತ್ತಿ. ನೇರ ಹೋಗಿ ಮೇಲಿನ ಸಾಲಿನ ಎರಡನೆಯ ಚುಕ್ಕಿಯ ನೆತ್ತಿಗೆ ತಲುಪುತ್ತೀರಿ.

ಇನ್ನು ಮುಂದೆ ಒಳಗಿನ ದಾರಿ ಹೇಳುವುದಿಲ್ಲ, ಎಳೆ ತಾನೇ ಓರೆಯಲ್ಲಿ ಹೋಗುತ್ತದೆ. ತಿರುಗುವ ಜಾಗ ಮಾತ್ರ ನೋಡಿಕೊಳ್ಳಿ. ಎರಡನೆಯ ಚುಕ್ಕಿಯ ನೆತ್ತಿಯಿಂದ ಎಡಕ್ಕೆ ಇಳಿದರೆ ನಡುಸಾಲಿನ ಎಡ ಅಂಚು. ಅಲ್ಲಿಂದ ಕೆಳಸಾಲಿನ ಎರಡನೆಯ ಚುಕ್ಕಿಯ ಬುಡ. ಅಲ್ಲಿಂದ ಬಲಕ್ಕೆ ಹತ್ತಿ ಮೇಲಿನ ಸಾಲಿನ ಬಲ ಮೂಲೆ. ಮೂಲೆಯ ಚುಕ್ಕಿಯನ್ನು ಸುತ್ತಿ, ಎಡಕ್ಕೆ ಇಳಿದು, ಕೆಳಸಾಲಿನ ಎಡ ಮೂಲೆ. ಅದನ್ನೂ ಸುತ್ತಿ, ಬಲಕ್ಕೆ ಹತ್ತಿ, ಮೇಲಿನ ಮೂರನೆಯ ಚುಕ್ಕಿಯ ನೆತ್ತಿ. ಆಮೇಲೆ ನಡುಸಾಲಿನ ಬಲ ಅಂಚು, ಕೆಳಗಿನ ಮೂರನೆಯ ಚುಕ್ಕಿಯ ಬುಡ, ಅಲ್ಲಿಂದ ಎಡಕ್ಕೆ ಹತ್ತಿ ಮೇಲಿನ ಸಾಲಿನ ಎಡ ಮೂಲೆ. ಆ ಮೂಲೆಯನ್ನು ಸುತ್ತಿದರೆ ಶುರು ಮಾಡಿದ ಜಾಗ! ಒಂದೇ ಎಳೆ.

ಸರಿ ಬಂತೋ ಇಲ್ಲವೋ ನೋಡಲು ಕತ್ತರಿ ಎಣಿಸಿ. ಎಳೆ ತನ್ನನ್ನೇ ದಾಟುವ ಜಾಗಕ್ಕೆ ಕತ್ತರಿ ಅನ್ನುತ್ತಿದ್ದೇನೆ. ಅಕ್ಕಪಕ್ಕ ಇರುವ, ಮೇಲೆಕೆಳಗೆ ಇರುವ ಪ್ರತಿ ಎರಡು ಚುಕ್ಕಿಗಳ ನಡುವೆ ಒಂದೊಂದು ಕತ್ತರಿ ಬೀಳಬೇಕು. ಈ ರಂಗೋಲಿಯಲ್ಲಿ ಅಡ್ಡಕ್ಕೆ 9, ಉದ್ದಕ್ಕೆ 8, ಒಟ್ಟು 17. ಎಲ್ಲಾದರೂ ಒಂದು ಗೆರೆ ಮಾತ್ರ ಹಾಯ್ದಿದ್ದರೆ ಅಲ್ಲೇ ಎಳೆ ದಾರಿ ತಪ್ಪಿದೆ ಎಂದರ್ಥ. ಸಾಮಾನ್ಯವಾಗಿ ತಪ್ಪುವುದು ಮೂಲೆಯಲ್ಲಲ್ಲ, ಅಂಚಿನ ನಡುವೆ. ಅಲ್ಲಿ ಕೈ ಸುಮ್ನೆ ಚುಕ್ಕಿಯನ್ನು ಪೂರ್ತಿ ಸುತ್ತಿ ಬಂದುಬಿಡುತ್ತದೆ. ಅರ್ಧ ಮಾತ್ರ ಬಳಸಿ ಒಳಗೆ ತಿರುಗಬೇಕು.

ಲೆಕ್ಕ ಎಲ್ಲಿದೆ

ಈಗ ಮೂರು ಚುಕ್ಕಿ ಮೂರು ಸಾಲು ಹಾಕಿ ನೋಡಿ. ಮೊದಲ ಎಳೆ ಬೇಗನೆ ಮುಗಿದುಹೋಗುತ್ತದೆ, ಚುಕ್ಕಿಗಳ ಸುತ್ತ ಇನ್ನೂ ಜಾಗ ಖಾಲಿ ಇರುತ್ತದೆ. ಅದಕ್ಕೆ ಮೂರು ಎಳೆ ಬೇಕು. ಕಾರಣ ಹೀಗಿದೆ.

ಎಳೆ ಓರೆಯಾಗಿ ಹೋಗುವುದರಿಂದ ಅಡ್ಡಕ್ಕೆ ಒಂದು ಚುಕ್ಕಿಯಷ್ಟು ಸರಿದಾಗ ಉದ್ದಕ್ಕೂ ಒಂದು ಚುಕ್ಕಿಯಷ್ಟೇ ಸರಿಯುತ್ತದೆ. 4 ಚುಕ್ಕಿಯ ಅಗಲವನ್ನು ಹೋಗಿ ಬರಲು 8 ಚುಕ್ಕಿಯ ದಾರಿ. 3 ಸಾಲನ್ನು ಇಳಿದು ಹತ್ತಲು 6 ಚುಕ್ಕಿಯ ದಾರಿ. ಎರಡೂ ಒಟ್ಟಿಗೆ ಪೂರ್ತಿಯಾಗುವುದು 24ಕ್ಕೆ. ಆಗ ಮಾತ್ರ ಎಳೆ ಶುರುವಿನ ಜಾಗಕ್ಕೆ ಮರಳುತ್ತದೆ. ಇನ್ನೊಂದು ಕಡೆ, ಪ್ರತಿ ಚುಕ್ಕಿಯ ಸುತ್ತ ಬೀಳುವ ಎಳೆಯನ್ನು ಬಿಚ್ಚಿ ಇಟ್ಟರೆ 2 ಚುಕ್ಕಿಯ ದಾರಿ ಆಗುತ್ತದೆ. 12 ಚುಕ್ಕಿಗೆ 24. ಎರಡೂ ಲೆಕ್ಕ ಒಂದೇ ಬಂತು, ಹಾಗಾಗಿ ಒಂದೇ ಎಳೆಯಲ್ಲಿ ಎಲ್ಲ ಮುಗಿಯಿತು. ಮೂರು ಮೂರಾದರೆ ಎಳೆ 6ಕ್ಕೇ ಮನೆ ಸೇರುತ್ತದೆ, ಆದರೆ 9 ಚುಕ್ಕಿ ಕೇಳುವುದು 18. ಅದಕ್ಕೇ ಮೂರು ಎಳೆ.

ಇಷ್ಟೆಲ್ಲ ಪ್ರತಿ ಸಲ ಮಾಡಬೇಕಿಲ್ಲ. ಶಾಲೆಯಲ್ಲಿ ಕಲಿತ ಮ.ಸಾ.ಅ. ನೆನಪಿದೆಯಲ್ವಾ, ಎರಡು ಸಂಖ್ಯೆಗಳನ್ನೂ ಭಾಗಿಸುವ ದೊಡ್ಡ ಸಂಖ್ಯೆ? ಚುಕ್ಕಿ ಮತ್ತು ಸಾಲಿನ ಮ.ಸಾ.ಅ. ಎಷ್ಟೋ ಅಷ್ಟೇ ಎಳೆ. 5 ಚುಕ್ಕಿ 4 ಸಾಲಿಗೆ ಒಂದು. 6 ಚುಕ್ಕಿ 4 ಸಾಲಿಗೆ ಎರಡು. 9 ಚುಕ್ಕಿ 6 ಸಾಲಿಗೆ ಮೂರು. ಆಫ್ರಿಕಾದ ಅಂಗೋಲಾದಲ್ಲಿ ಚೋಕ್ವೆ ಜನ ಕಥೆ ಹೇಳುತ್ತಾ ಮರಳ ಮೇಲೆ ಬೆರಳಿನಿಂದ ಇಂಥವೇ ಚಿತ್ರ ಎಳೆಯುತ್ತಿದ್ದರು. ಅಲ್ಲೂ ಇದೇ ಲೆಕ್ಕ.

ಒಂದು ಮಿತಿ ಇದೆ. ಇದು ನೇರ ಚುಕ್ಕಿಗೆ ಮಾತ್ರ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಸಂದು ಚುಕ್ಕಿಗೆ, ಅಂದರೆ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂಥದ್ದಕ್ಕೆ, ಈ ಲೆಕ್ಕ ಒಪ್ಪುವುದಿಲ್ಲ.

ಮೂರನ್ನು ಒಂದು ಮಾಡುವುದು

ಮೂರು ಮೂರರ ರಂಗೋಲಿಯನ್ನೂ ಒಂದೇ ಎಳೆಗೆ ತರಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಎರಡು ಬೇರೆ ಬೇರೆ ಎಳೆಗಳು ದಾಟುವ ಕತ್ತರಿಯೊಂದನ್ನು ಬಿಡಿಸಿದರೆ ಆ ಎರಡೂ ಕೂಡಿ ಒಂದಾಗುತ್ತವೆ. ಮೇಲಿನ ಸಾಲಿನಲ್ಲಿ ಎರಡು ಕತ್ತರಿ ಇವೆ, ಒಂದನೆಯ ಮತ್ತು ಎರಡನೆಯ ಚುಕ್ಕಿಯ ನಡುವೆ ಒಂದು, ಎರಡನೆಯ ಮತ್ತು ಮೂರನೆಯ ಚುಕ್ಕಿಯ ನಡುವೆ ಇನ್ನೊಂದು. ಅಲ್ಲಿ ಎಳೆಗಳು ದಾಟದಿರಲಿ. ಮೇಲೊಂದು, ಕೆಳಗೊಂದು ಪಕ್ಕಪಕ್ಕ ಹೋಗಲಿ. ಮೊದಲನೆಯದನ್ನು ಬಿಡಿಸಿದಾಗ ಮೂರು ಎಳೆ ಎರಡಾಗುತ್ತದೆ, ಎರಡನೆಯದಕ್ಕೆ ಒಂದಾಗುತ್ತದೆ. ಮೇಲಿನ ಮೂರೂ ಚುಕ್ಕಿ ಒಂದೇ ಉದ್ದನೆಯ ಮನೆಯೊಳಗೆ ಕೂರುತ್ತವೆ. ಆದರೆ ಒಂದೇ ಎಳೆ ತನ್ನನ್ನು ತಾನೇ ದಾಟುವ ಕತ್ತರಿಯನ್ನು ಬಿಡಿಸಿದರೆ ಅದು ಎರಡಾಗಿ ಒಡೆಯಬಹುದು. ಹಾಗಾಗಿ ಮೊದಲು ಬೆರಳು ಗಾಳಿಯಲ್ಲಿ ಆಡಿಸಿ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಯಾರೂ ಇಟ್ಟುಕೊಳ್ಳುವುದಿಲ್ಲ ಏಕೆ

ಇಷ್ಟು ಲೆಕ್ಕ ಹಾಕಿ ಬಿಡಿಸಿದ್ದನ್ನು ಮರುದಿನ ಬೆಳಗ್ಗೆ ಪೊರಕೆಯಿಂದ ಗುಡಿಸುತ್ತೇವೆ. ನೆಲ ತೊಳೆಯದೆ ಹೊಸದು ಹಾಕಲಾಗದು, ಅದು ಸರಿ. ಅದಕ್ಕಿಂತ ದೊಡ್ಡ ಕಾರಣ ಓಣಿಯಲ್ಲಿದೆ. ರಂಗೋಲಿ ಅಂದರೆ ಈ ಮನೆಯವರು ಇವತ್ತು ಎದ್ದಿದ್ದಾರೆ, ಎಲ್ಲ ಸರಿಯಾಗಿದೆ ಎಂಬ ಸುದ್ದಿ. ಮನೆಯಲ್ಲಿ ಸಾವಾದರೆ ರಂಗೋಲಿ ಇರುವುದಿಲ್ಲ. ಖಾಲಿ ಅಂಗಳ ನೋಡಿದ ಪಕ್ಕದ ಮನೆಯವರು ಏನಾಯಿತೆಂದು ಬಂದು ವಿಚಾರಿಸುತ್ತಾರೆ. ನಿನ್ನೆಯದನ್ನು ಉಳಿಸಿಕೊಂಡರೆ ಇವತ್ತಿನ ಸುದ್ದಿ ಹೇಳುವವರು ಯಾರು? ಹೊಸ್ತಿಲಿಗೆ ಅಂಟಿಸುವ ಸ್ಟಿಕ್ಕರ್, ಅಂಗಳದ ಪೇಂಟ್ ರಂಗೋಲಿ ನೋಡಿದಾಗ ನನಗೆ ಬೇಸರವಾಗುವುದು ಇದಕ್ಕೇ. ಅವು ಅಂದವಾಗಿಯೇ ಇರುತ್ತವೆ. ಆದರೆ ಮನೆಗೆ ಬೀಗ ಬಿದ್ದ ದಿನವೂ ಅವು ಅದನ್ನೇ ಹೇಳುತ್ತಿರುತ್ತವೆ.

ಪುಡಿಯ ಚಿತ್ರವನ್ನು ಬೇರೆ ಚಿತ್ರಗಳಿಂದ ಬೇರ್ಪಡಿಸಿ ನೋಡುವುದು ಈ ಸೀಮೆಗೆ ಹಳೆಯದು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ಹೇಳುವಾಗ ಧೂಳಿಚಿತ್ರ ಎಂದು ಇದಕ್ಕೆ ಬೇರೆಯೇ ಜಾಗ ಕೊಟ್ಟಿದ್ದಾನೆ.

ಚಿತ್ರ ಹೋದರೂ ಲೆಕ್ಕ ಉಳಿಯುತ್ತದೆ. ಬೆಳಗ್ಗೆ ಓಣಿಯಲ್ಲಿ ಹೋಗುವವರು “ಯಕ್ಕಾ, ಎಷ್ಟು ಚುಕ್ಕಿ ಇಟ್ಟೀರಿ?” ಅಂತ ನಿಂತು ಕೇಳುತ್ತಾರೆ. “ಏಳು ಚುಕ್ಕಿ, ನಾಕು ಸಾಲು ನೋಡವ್ವಾ” ಅಂದರೆ ಸಾಕು, ಆ ರಂಗೋಲಿ ಇನ್ನೊಂದು ಅಂಗಳಕ್ಕೆ ಹೋಯಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ಬಗ್ಗೆ ಪ್ರಬಂಧ ಪ್ರಕಟಿಸಿದಾಗ ಅವರು ಹಿಡಿದದ್ದೂ ಇದನ್ನೇ. ಚಿತ್ರವನ್ನಲ್ಲ, ಅದು ಹುಟ್ಟುವ ನಿಯಮವನ್ನು. ಕಂಪ್ಯೂಟರ್ ಓದಬಲ್ಲ ವ್ಯಾಕರಣದ ರೂಪದಲ್ಲಿ ಅದನ್ನು ಬರೆದರು.

ನೀವೂ ರಂಗೋಲಿ ಪುಸ್ತಕದಲ್ಲಿ ಚಿತ್ರ ಬಿಡಿಸುವ ಬದಲು ಒಂದು ಸಾಲು ಬರೆದಿಡಿ. “3 ಚುಕ್ಕಿ 3 ಸಾಲು, ನೇರ. ಮೇಲಿನ ಸಾಲಿನ 2 ಕತ್ತರಿ ಬಿಟ್ಟದ್ದು. 1 ಎಳೆ.” ಮರುದಿನ ಅದೇ ಎರಡು ಕತ್ತರಿ ಕೆಳಸಾಲಿನಲ್ಲಿ ಬಿಟ್ಟು ನೋಡಿ, ಆಗಲೂ ಒಂದೇ ಎಳೆ ಬರುತ್ತದೆ. ಅದರ ಮರುದಿನ ಮೇಲೊಂದು ಕೆಳಗೊಂದು ಬಿಡಿ, ಮತ್ತು ಎಳೆ ಎಷ್ಟಾಯಿತೆಂದು ಪಕ್ಕದಲ್ಲೇ ಬರೆದುಕೊಳ್ಳಿ.