ಕಥೆ ಕೇಳುವಾಗ ಎಳೆ ತಪ್ಪದಂತೆ ನಾನು ಮಾಡಿಕೊಂಡ ಏರ್ಪಾಡು

ನನಗೆ ಓದುವುದಕ್ಕಿಂತ ಕೇಳುವುದೇ ಇಷ್ಟ. ಯಾರಾದರೂ ಕಥೆ ಹೇಳುತ್ತಿದ್ದರೆ ಪಾತ್ರಗಳು ಕಣ್ಣ ಮುಂದೆ ಓಡಾಡುತ್ತವೆ. ಹಾಗಾಗಿ ಕೆಲವು ವರ್ಷಗಳಿಂದ ಕಾದಂಬರಿಗಳನ್ನೆಲ್ಲ ಫೋನಿನಲ್ಲಿ ಆಡಿಯೊಬುಕ್ ಆಗಿ ಕೇಳಿಯೇ ಮುಗಿಸುತ್ತಿದ್ದೇನೆ. ಕೇಳುವವರಿಗೆ ಇರುವ ದೊಡ್ಡ ತೊಂದರೆ ಅಂದರೆ ಎಳೆ ತಪ್ಪಿಹೋಗುವುದು. ಪುಸ್ತಕ ಕೈಯಲ್ಲಿದ್ದರೆ ಎರಡು ಪುಟ ಹಿಂದಕ್ಕೆ ತಿರುವಿ ಕಣ್ಣಾಡಿಸಬಹುದು. ದನಿಯ ಮೇಲೆ ಹಾಗೆ ಕಣ್ಣಾಡಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಹೊಸ ಆ್ಯಪ್ ಹಾಕಿಕೊಂಡಾಗ ನಾನು ಮೊದಲು ನೋಡುವುದು, ತಪ್ಪಿದ ಜಾಗಕ್ಕೆ ಅದು ಎಷ್ಟು ಸುಲಭವಾಗಿ ವಾಪಸ್ ಕರೆದುಕೊಂಡು ಹೋಗುತ್ತದೆ ಅನ್ನುವುದನ್ನು.

ಆದರೆ ಆ್ಯಪ್‌ಗಿಂತ ಮೊದಲು ದನಿ. ಸ್ಯಾಂಪಲ್‌ನಲ್ಲಿ ಸಾಮಾನ್ಯವಾಗಿ ಪುಸ್ತಕದ ಆರಂಭವೇ ಇರುತ್ತದೆ, ಅಲ್ಲಿ ವರ್ಣನೆಯೇ ಜಾಸ್ತಿ. ವರ್ಣನೆಯನ್ನು ಯಾರು ಓದಿದರೂ ಕೇಳಲು ಚೆನ್ನಾಗಿರುತ್ತದೆ. ನಾನು ಇಬ್ಬರು ಮಾತಾಡುವ ಜಾಗ ಬರುವವರೆಗೂ ಕೇಳುತ್ತೇನೆ. 'ಅವನು ಅಂದ', 'ಅವಳು ಅಂದಳು' ಅನ್ನುವ ಪದಗಳಿಗೆ ಕಾಯದೆ ಯಾರ ಮಾತು ಅಂತ ಗೊತ್ತಾದರೆ ಆ ಓದುಗರು ನನಗೆ ಸರಿ. ಅದಕ್ಕೆ ದನಿ ಬದಲಾಯಿಸಿ ನಟಿಸಬೇಕು ಅಂತೇನಿಲ್ಲ. ಒಬ್ಬರಿಗೆ ತುಸು ನಿಧಾನ, ಇನ್ನೊಬ್ಬರಿಗೆ ತುಸು ಅವಸರ, ಅಷ್ಟು ಸಾಕು.

ಉಚಿತವಾಗಿ ಕೇಳಲು ನಾನು ಹೆಚ್ಚು ಬಳಸುವುದು ಲಿಬ್ರಿವಾಕ್ಸ್. 2005ರಲ್ಲಿ ಶುರುವಾದ ಇದರಲ್ಲಿ ಸ್ವಯಂಸೇವಕರು ಕಾಪಿರೈಟ್ ಮುಗಿದ ಹಳೆಯ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆಲವು ಪುಸ್ತಕಗಳನ್ನು ಒಬ್ಬರೇ ಪೂರ್ತಿ ಓದಿರುತ್ತಾರೆ. ಇನ್ನು ಕೆಲವನ್ನು ಹಲವರು ಅಧ್ಯಾಯ ಹಂಚಿಕೊಂಡು ಓದಿರುತ್ತಾರೆ. ಬಿಡಿ ಕಥೆಗಳಿಗೆ ಎರಡನೆಯದೂ ನಡೆಯುತ್ತದೆ. ಉದ್ದ ಕಾದಂಬರಿಗೆ ಮಾತ್ರ ನಾನು ಒಬ್ಬರೇ ಓದಿದ್ದನ್ನು ಹುಡುಕುತ್ತೇನೆ. ಓದುವವರು ಬದಲಾದಾಗ ಅದೇ ಪಾತ್ರಕ್ಕೆ ಬೇರೆ ದನಿ ಬರುತ್ತದೆ, ಹೆಸರಿನ ಉಚ್ಚಾರವೂ ಬದಲಾಗುತ್ತದೆ. ಹತ್ತು ನಿಮಿಷ ಕೇಳಿದ ಮೇಲೆ 'ಓ, ಇವನು ಆ ಅಣ್ಣನೇ' ಅಂತ ಹೊಳೆಯುತ್ತದೆ. ಅಷ್ಟರಲ್ಲಿ ಒಂದು ಮುಖ್ಯ ಜಗಳ ಮುಗಿದುಹೋಗಿರುತ್ತದೆ. ಒಂದೇ ಪುಸ್ತಕಕ್ಕೆ ಎರಡು ಮೂರು ರೆಕಾರ್ಡಿಂಗ್ ಇರುವುದೂ ಉಂಟು. ಹಾಗಾಗಿ ಮೊದಲು ಸಿಕ್ಕಿದ್ದನ್ನೇ ಇಳಿಸಿಕೊಳ್ಳಬೇಕಾಗಿಲ್ಲ.

ಹೀಗೆ ಇಳಿಸಿಕೊಂಡ ಫೈಲುಗಳನ್ನು ಹಾಡು ಕೇಳುವ ಆ್ಯಪ್‌ನಲ್ಲಿ ಹಾಕಬೇಡಿ. ನಡುವೆ ಒಂದು ಹಾಡು ಕೇಳಿ ಬಂದರೆ ಪುಸ್ತಕ ಎಲ್ಲಿಗೆ ನಿಂತಿತ್ತು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಆಡಿಯೊಬುಕ್‌ಗೆಂದೇ ಮಾಡಿದ ಪ್ಲೇಯರ್ ಬೇಕು. ಆಂಡ್ರಾಯ್ಡ್‌ನಲ್ಲಿ ವಾಯ್ಸ್, ಐಫೋನ್‌ನಲ್ಲಿ ಬುಕ್‌ಪ್ಲೇಯರ್ ಅಂಥವು. ಒಂದೊಂದು ಪುಸ್ತಕಕ್ಕೂ ಒಂದೊಂದು ಫೋಲ್ಡರ್ ಮಾಡಿ ಕೊಟ್ಟರೆ, ಪ್ರತಿಯೊಂದೂ ಎಲ್ಲಿಗೆ ನಿಂತಿದೆ ಅಂತ ಇವು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ.

ಕೇಳಲು ಶುರು ಮಾಡುವ ಮುಂಚೆ ಅಧ್ಯಾಯಗಳ ಪಟ್ಟಿ ತೆರೆದು ಒಮ್ಮೆ ನೋಡುತ್ತೇನೆ. ಎಲ್ಲ ಪ್ಲೇಯರ್‌ಗಳೂ ಸಂಖ್ಯೆಯನ್ನು ಸಂಖ್ಯೆಯಾಗಿ ಓದುವುದಿಲ್ಲ. ಕೆಲವು ಅದನ್ನು ಅಕ್ಷರದಂತೆ ಜೋಡಿಸುತ್ತವೆ. ಆಗ ಪಟ್ಟಿ ಹೀಗೆ ಕಾಣುತ್ತದೆ:

```
1.mp3
10.mp3
11.mp3
2.mp3
```

ಅಂದರೆ ಮೊದಲ ಅಧ್ಯಾಯ ಮುಗಿದ ಕೂಡಲೇ ಹತ್ತನೆಯದು ಶುರು. ಕಥೆಗಾರರು ಬೇಕಂತಲೇ ಕಾಲ ಹಾರಿಸಿದ್ದಾರೆ ಅಂತಲೇ ಅನ್ನಿಸುತ್ತದೆ, ಅಷ್ಟರಲ್ಲಿ ಗುಟ್ಟೆಲ್ಲ ರಟ್ಟಾಗಿರುತ್ತದೆ. ಒಂದರಿಂದ ಒಂಬತ್ತರವರೆಗಿನ ಫೈಲುಗಳ ಹೆಸರಿಗೆ ಮುಂದೊಂದು ಸೊನ್ನೆ ಸೇರಿಸಿದರೆ, ಅಂದರೆ `01.mp3`, `02.mp3` ಅಂತ ಮಾಡಿದರೆ, ಸರಿಹೋಗುತ್ತದೆ. ನೂರು ದಾಟುವ ಪುಸ್ತಕಕ್ಕೆ ಮೂರು ಅಂಕಿ ಬೇಕು. M4B ಫೈಲ್ ಸಿಕ್ಕರೆ ಈ ಗೋಜೇ ಇಲ್ಲ, ಅದರಲ್ಲಿ ಇಡೀ ಪುಸ್ತಕ ಒಂದೇ ಫೈಲಿನಲ್ಲಿದ್ದು ಅಧ್ಯಾಯಗಳ ಗುರುತೂ ಒಳಗೇ ಇರುತ್ತದೆ.

ಇನ್ನು ನಿದ್ದೆಯ ವಿಷಯ. ರಾತ್ರಿ ಮಲಗಿಕೊಂಡು ಕಥೆ ಕೇಳುವವರಿಗೆ ಸ್ಲೀಪ್ ಟೈಮರ್ ಇಲ್ಲದೆ ಆಗುವುದಿಲ್ಲ. 'ಅಧ್ಯಾಯ ಮುಗಿದ ಮೇಲೆ ನಿಲ್ಲಿಸು' ಅನ್ನುವ ಆಯ್ಕೆ ಚೆಂದ ಕಾಣುತ್ತದೆ, ಆದರೆ ಅಧ್ಯಾಯ ಐವತ್ತು ನಿಮಿಷದ್ದಾಗಿದ್ದರೆ ಬೆಳಿಗ್ಗೆ ಹುಡುಕುವ ಜಾಗವೂ ಅಷ್ಟೇ ದೊಡ್ಡದಾಗುತ್ತದೆ. ನಾನು ಇಡುವುದು 30 ನಿಮಿಷ. ಮತ್ತೆ ತಲೆದಿಂಬಿಗೆ ತಲೆ ಇಡುವಾಗಲೇ ಒಂದು ಬುಕ್‌ಮಾರ್ಕ್ ಹಾಕುತ್ತೇನೆ. ಹೇಗೂ ಅಲ್ಲಿಯವರೆಗೆ ಎಚ್ಚರವಾಗಿ ಕೇಳಿದ್ದು ಖಂಡಿತ.

ಬೆಳಿಗ್ಗೆ ಜಾಗ ಹುಡುಕುವುದು ಹೀಗೆ. ಬುಕ್‌ಮಾರ್ಕ್ 2 ಗಂಟೆ 10 ನಿಮಿಷದಲ್ಲಿದೆ, ಟೈಮರ್ ನಿಲ್ಲಿಸಿದ್ದು 2 ಗಂಟೆ 40 ನಿಮಿಷಕ್ಕೆ ಅಂದುಕೊಳ್ಳಿ. ಮೊದಲಿಂದ ಕೇಳುತ್ತಾ ಕೂರುವುದಿಲ್ಲ. ನೇರ ಮಧ್ಯಕ್ಕೆ, ಅಂದರೆ 2:25ಕ್ಕೆ ಹೋಗಿ ಅರ್ಧ ನಿಮಿಷ ಕೇಳುತ್ತೇನೆ. ಅದು ಕೇಳಿದ ನೆನಪೇ ಇಲ್ಲ ಅಂದರೆ ನಿದ್ದೆ ಬಂದದ್ದು ಅದಕ್ಕಿಂತ ಮುಂಚೆ. ಆಗ 2:17ಕ್ಕೆ ಹೋಗುತ್ತೇನೆ. ಅದು ಕೇಳಿದ್ದು ಅನ್ನಿಸಿದರೆ 2:21. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಮೂರು ನಾಲ್ಕು ನೆಗೆತಕ್ಕೆ ಜಾಗ ಸಿಗುತ್ತದೆ. ಸಿಕ್ಕ ಮೇಲೆ ಒಂದೆರಡು ನಿಮಿಷ ಹಿಂದಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ನಿದ್ದೆ ಹತ್ತುವ ಮುಂಚೆ ಕೇಳಿದ್ದು ಅರ್ಧಂಬರ್ಧ ತಲೆಗೆ ಹೋಗಿರುತ್ತದೆ. 'ಇದು ಕೇಳಿದ್ದೇನೋ ಹೌದು, ಆದರೆ ಯಾಕೆ ಹೀಗಾಯ್ತು ಗೊತ್ತಿಲ್ಲ' ಅನ್ನಿಸಿದರೆ ಇನ್ನೂ ಸ್ವಲ್ಪ ಹಿಂದೆ ಹೋಗಬೇಕು ಅಂತಲೇ ಅರ್ಥ.

ಹಗಲು ಎಳೆ ತಪ್ಪುವುದು ಬೇರೆ ಥರ. ಯಾರೋ ಮಾತಾಡಿಸುತ್ತಾರೆ, ವಾಕ್ಯದ ನಡುವೆಯೇ ನಿಲ್ಲಿಸುತ್ತೇವೆ, ಗಂಟೆ ಬಿಟ್ಟು ಅದೇ ಅರ್ಧ ವಾಕ್ಯದಿಂದ ಶುರುವಾದರೆ ತಲೆಬುಡ ತಿಳಿಯುವುದಿಲ್ಲ. ಇದಕ್ಕೆ ಹಲವು ಆ್ಯಪ್‌ಗಳಲ್ಲಿ ತಾನಾಗಿ ಹಿಂದೆ ಸರಿಯುವ ಸೆಟಿಂಗ್ ಇದೆ. ವಾಪಸ್ ಶುರು ಮಾಡಿದಾಗ ಕೆಲವು ಸೆಕೆಂಡ್ ಹಿಂದಿನಿಂದ ಕೇಳಿಸುತ್ತದೆ. ಅದು ಇರುವ ಆ್ಯಪ್‌ನಲ್ಲಿ ನಾನು ಮೊದಲು ಅದನ್ನೇ ಆನ್ ಮಾಡುತ್ತೇನೆ.

ಇಯರ್‌ಬಡ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಎರಡು ಸಲ ತಟ್ಟಿದರೆ 'ಮುಂದಿನ ಹಾಡು' ಅನ್ನುವ ಆದೇಶ ಹೋಗುವ ಇಯರ್‌ಬಡ್‌ಗಳಿವೆ. ಪುಸ್ತಕದಲ್ಲಿ ಅದು ಮುಂದಿನ ಅಧ್ಯಾಯವಾಗಬಹುದು. ಇಯರ್‌ಬಡ್ ಸರಿಪಡಿಸಿಕೊಳ್ಳಲು ಕೈ ಹಾಕಿದರೆ ಸಾಕು, ಕಥೆ ಒಂದು ಅಧ್ಯಾಯ ಹಾರಿರುತ್ತದೆ. ಹಾಗೆ ತಟ್ಟಿದಾಗ 30 ಸೆಕೆಂಡ್ ಮಾತ್ರ ಹಾರುವಂತೆ ಬದಲಿಸುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿದೆ. ಇಲ್ಲದಿದ್ದರೆ ಇಯರ್‌ಬಡ್‌ನ ಸೆಟಿಂಗ್‌ನಲ್ಲೇ ಆ ತಟ್ಟುವಿಕೆಯನ್ನು ಆಫ್ ಮಾಡಿ.

ವೇಗದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. 1.25ರಲ್ಲಿ ಕೇಳಿದರೆ ಹತ್ತು ಗಂಟೆಯ ಪುಸ್ತಕ ಎಂಟು ಗಂಟೆಗೆ ಮುಗಿಯುತ್ತದೆ, ನಿಜ. ಮಾಹಿತಿಯ ಪುಸ್ತಕಕ್ಕೆ ನಾನೂ ಹಾಗೇ ಮಾಡುತ್ತೇನೆ. ಕಥೆಗೆ ಬೇಡ. ಮಾತಿನ ಜೊತೆ ಮೌನವೂ ಕುಗ್ಗುತ್ತದೆ. ಒಬ್ಬಳು ಪ್ರಶ್ನೆ ಕೇಳಿ, ಇನ್ನೊಬ್ಬ ಉತ್ತರಿಸಲು ತಡೆಯುವ ಆ ಎರಡು ಸೆಕೆಂಡಿನಲ್ಲೇ ಅವನು ಸುಳ್ಳು ಹೇಳಲಿದ್ದಾನೆ ಅಂತ ನಮಗೆ ಹೊಳೆಯುವುದು. ಮೌನಗಳನ್ನೇ ಕತ್ತರಿಸುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿರುತ್ತದೆ, ಅದನ್ನಂತೂ ಕಥೆಗೆ ಮುಟ್ಟಲೇಬೇಡಿ. ತುಂಬಾ ಎಳೆದು ಓದುವವರಿದ್ದರೆ ಮಾತ್ರ ನಾನು 1.1ಕ್ಕೆ ಏರಿಸುತ್ತೇನೆ.

ಪಾತ್ರಗಳು ಜಾಸ್ತಿ ಇರುವ ಪುಸ್ತಕಕ್ಕೆ ಬುಕ್‌ಮಾರ್ಕ್ ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬರುತ್ತದೆ. ಹೊಸಬರು ಬಂದ ಕೂಡಲೇ ಒಂದು ಹಾಕಿ, ಜೊತೆಗೆ 'ವಕೀಲ, ತಮ್ಮನ ಸ್ನೇಹಿತ' ಅಂತ ಎರಡು ಮೂರು ಪದ ಬರೆದಿಡುತ್ತೇನೆ. ಹೆಸರಿನ ಕಾಗುಣಿತ ಕಿವಿಗೆ ತಿಳಿಯುವುದಿಲ್ಲ, ಹಾಗಾಗಿ ಹೆಸರಿಗಿಂತ ಆ ವ್ಯಕ್ತಿ ಯಾರು ಅನ್ನುವುದನ್ನೇ ಬರೆಯುವುದು ಮೇಲು. ಮುನ್ನೂರು ಪುಟದಷ್ಟು ಕಥೆ ಕಳೆದ ಮೇಲೆ ಆ ವಕೀಲ ಮತ್ತೆ ಬಾಗಿಲು ತಟ್ಟಿದರೆ, ಬುಕ್‌ಮಾರ್ಕ್ ಒತ್ತಿ ಅವನು ಮೊದಲ ಸಲ ಬಂದ ಒಂದು ನಿಮಿಷ ಕೇಳಿ, ಇದ್ದ ಜಾಗಕ್ಕೆ ವಾಪಸ್ ಬರುತ್ತೇನೆ. ಹಾಗೆ ಹೋಗುವ ಮುಂಚೆ ಈಗಿರುವ ಜಾಗಕ್ಕೂ ಒಂದು ಬುಕ್‌ಮಾರ್ಕ್ ಹಾಕಬೇಕು. ನೆಗೆದ ಮೇಲೆ ಹಿಂದಿನ ಜಾಗವನ್ನು ಎಲ್ಲ ಆ್ಯಪ್‌ಗಳೂ ಉಳಿಸಿಕೊಳ್ಳುವುದಿಲ್ಲ.