ಅಡಿಟಿಪ್ಪಣಿ ಎಲ್ಲಿ ಬೇಡ: ಚರಿತ್ರೆಯ ಪುಸ್ತಕವೊಂದರ ಸಂಪಾದನೆಯಲ್ಲಿ ನನ್ನ ಅನುಭವ

ಪದವಿ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಚರಿತ್ರೆಯ ಪುಸ್ತಕವೊಂದನ್ನು ಸಂಪಾದಿಸುವಾಗ ನಾನು ಕರಡಿನಲ್ಲಿದ್ದ ಅಡಿಟಿಪ್ಪಣಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟನ್ನು ತೆಗೆದುಹಾಕಿದೆ. ಕೃತಿಚೌರ್ಯದ ಆಪಾದನೆ ಬರುವುದು ಖಂಡಿತ ಎಂದು ಜೊತೆಗಿದ್ದ ಸಂಪಾದಕರು ಎಚ್ಚರಿಸಿದರು. ಪುಸ್ತಕ ಎರಡನೆಯ ಮುದ್ರಣ ಕಂಡಿದೆ. ಆಕರ ಕೊಟ್ಟಿಲ್ಲವೆಂಬ ದೂರು ಈವರೆಗೆ ಒಂದೂ ಬಂದಿಲ್ಲ. ಆದ್ದರಿಂದ ಈ ಕೆಲಸವನ್ನು ಹೇಗೆ ಮಾಡಿದೆನೆಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲ ಕರಡಿನಲ್ಲಿ ಎಲ್ಲದಕ್ಕೂ ಆಕರ ಕೊಟ್ಟಿದ್ದೆವು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು ಎಂಬುದಕ್ಕೂ, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು ಎಂಬುದಕ್ಕೂ ಅಡಿಟಿಪ್ಪಣಿಗಳಿದ್ದವು. ಇದರಿಂದ ಸುಮಾರು ನಲವತ್ತು ಪುಟ ಹೆಚ್ಚಾಗಿ, ಪುಸ್ತಕದ ಒಂದು ಪ್ರತಿಯ ವೆಚ್ಚ ಹದಿನೈದು ಇಪ್ಪತ್ತು ರೂಪಾಯಿ ಏರಿತು. ಆಕರಗಳನ್ನು ಗ್ರಂಥಾಲಯದಲ್ಲಿ ತಾಳೆ ನೋಡಿದ ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟ ಸಂಭಾವನೆ ಬೇರೆ. ಹಣಕ್ಕಿಂತ ದೊಡ್ಡ ನಷ್ಟವೆಂದರೆ, ನಿಜವಾಗಿ ಪರಿಶೀಲಿಸಬೇಕಾದ ಆಕರಗಳು ಬೇಡದ ಆಕರಗಳ ನಡುವೆ ಓದುಗನ ಕಣ್ಣಿಗೆ ಬೀಳದೆ ಹೋದದ್ದು. ಏಕೀಕರಣದ ದಿನಾಂಕವನ್ನು ಶೋಧಿಸಿದವರೆಂದು ಯಾರೂ ಇಲ್ಲ. ಅದನ್ನು ಯಾವ ಪುಸ್ತಕದಲ್ಲಿ ಬೇಕಾದರೂ ನೋಡಿಕೊಳ್ಳಬಹುದು. ಅಲ್ಲಿ ಆಕರ ಕೊಟ್ಟರೆ ಯಾರ ಶ್ರಮಕ್ಕೂ ಮನ್ನಣೆ ಸಲ್ಲುವುದಿಲ್ಲ, ಯಾರ ಅನುಮಾನವೂ ಪರಿಹಾರವಾಗುವುದಿಲ್ಲ.

ಆಮೇಲೆ, ಮೂರು ಪುಸ್ತಕಗಳಲ್ಲಿ ಆಕರವಿಲ್ಲದೆ ಬಂದ ಸಂಗತಿಗೆ ನಾವೂ ಆಕರ ಕೊಡುವುದು ಬೇಡ ಎಂಬ ನಿಯಮವನ್ನು ಪರೀಕ್ಷಿಸಿದೆವು. ಅದು ನಿಲ್ಲಲಿಲ್ಲ, ಏಕೆಂದರೆ ಎಷ್ಟೋ ಸಲ ಆ ಮೂರೂ ಪುಸ್ತಕಗಳು ಒಂದೇ ಹಳೆಯ ಪುಸ್ತಕದಿಂದ ಎತ್ತಿಕೊಂಡಂಥವು. ವಾಕ್ಯದ ಪದಕ್ರಮ ಒಂದೇ ಆಗಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ಶಾಲೆಯ ಪಠ್ಯದಲ್ಲಿರುವುದೆಲ್ಲ ಸರ್ವವಿದಿತ ಎಂಬ ನಿಯಮ ಹಲ್ಮಿಡಿ ಶಾಸನದ ಬಳಿ ಮುರಿಯಿತು.

ಕರಡಿನಲ್ಲಿದ್ದ ವಾಕ್ಯ ಹೀಗಿತ್ತು: 'ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. 450ರ ಶಾಸನವು ಕನ್ನಡದ ಮೊದಲ ಶಾಸನ.' ಇಂಥ ವಾಕ್ಯವನ್ನು ಇಡಿಯಾಗಿ ತೂಗದೆ, ಅದರೊಳಗಿನ ಹೇಳಿಕೆಗಳನ್ನು ಬಿಡಿಸಿ ಒಂದೊಂದನ್ನೇ ತೂಗುವುದು ಕೊನೆಗೆ ಫಲಿಸಿದ ವಿಧಾನ. ಕಲ್ಲು ಸಿಕ್ಕಿದ ಊರಿನ ಬಗ್ಗೆ ಯಾರ ತಕರಾರೂ ಇಲ್ಲ; ಅಲ್ಲಿ ಆಕರ ಬೇಡ. ಆದರೆ ಶಾಸನದಲ್ಲಿ ಶಕವರ್ಷವಿಲ್ಲ. ಲಿಪಿಯ ರೂಪವನ್ನೂ ಅದರಲ್ಲಿ ಬರುವ ಕದಂಬ ಅರಸನ ಹೆಸರನ್ನೂ ಆಧರಿಸಿ ವಿದ್ವಾಂಸರು ಕಾಲವನ್ನು ಊಹಿಸಿದ್ದಾರೆ. ಎಷ್ಟೇ ಪ್ರಸಿದ್ಧವಾಗಿದ್ದರೂ 450 ಎಂಬುದು ಒಬ್ಬರ ವಾದದ ಫಲ; ಅಲ್ಲಿ ಆಕರ ಬೇಕೇ ಬೇಕು. 'ಮೊದಲ' ಎಂಬುದಕ್ಕಂತೂ ಎರಡು ಕಡೆಯ ಆಕರ ಬೇಕಾಯಿತು, ಏಕೆಂದರೆ ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಸುಮಾರು 370ರದೆಂದು ಹೇಳುವವರಿದ್ದಾರೆ. ಅದೇ ವಾಕ್ಯವನ್ನು 'ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು' ಎಂದು ಬರೆದಾಗ ಆಕರದ ಅಗತ್ಯವೇ ಇರುವುದಿಲ್ಲ. ಬೇರೆ ಅಧ್ಯಾಯಗಳಲ್ಲಿ ಶಾಸನದ ಹೆಸರು ಬಂದಲ್ಲೆಲ್ಲ ನಾನು ಹೀಗೆಯೇ ಬರೆದಿದ್ದೇನೆ.

ಹೀಗೆ ಬಿಡಿಸುತ್ತ ಹೋದಂತೆ, ಕಣ್ಣು ತಾನಾಗಿ ನಿಲ್ಲುವ ಜಾಗಗಳು ಅಭ್ಯಾಸವಾದವು: 'ಮೊದಲ', 'ಅತಿ ದೊಡ್ಡ' ಎಂಬ ಮಾತುಗಳು, ಊಹಿಸಿದ ಕಾಲ, ಕಾರಣವನ್ನು ಹೇಳುವ 'ಆದ್ದರಿಂದ', ಒಬ್ಬ ವ್ಯಕ್ತಿಯ ಮನಸ್ಸಿನ ಇಂಗಿತ. ಹೀಗೆ ಬಿಡಿಸಿದ ಹೇಳಿಕೆಗಳನ್ನು ತಾಳೆ ನೋಡಲು ಮೇಜಿನ ಮೇಲೆ ಐದು ಪುಸ್ತಕಗಳನ್ನು ಇಟ್ಟುಕೊಳ್ಳುತ್ತೇನೆ; ಅವು ಯಾವುವು ಎಂಬುದನ್ನು ಮಾತ್ರ ಈಗ ಹೇಳುವುದಿಲ್ಲ. ಆದರೆ ಒಂದನ್ನೊಂದು ನಕಲು ಮಾಡಿರದ, ಬೇರೆ ಬೇರೆ ಕಾಲದ ಐದನ್ನು ಆರಿಸಿಕೊಳ್ಳುವುದೇ ಇಲ್ಲಿನ ಮುಖ್ಯ ಶ್ರಮ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನಲವತ್ತರಷ್ಟು ವಾಕ್ಯಗಳ ಹಾಳೆಯೊಂದನ್ನು ಕೆಲವು ವಿದ್ಯಾರ್ಥಿಗಳಿಗೂ ಚರಿತ್ರೆಯ ಅಧ್ಯಾಪಕರಿಗೂ ಕೊಟ್ಟು, 'ಹೀಗೆಂದು ಹೇಳಿದವರು ಯಾರು?' ಎಂದು ಕೇಳಬೇಕೆನಿಸಿದಲ್ಲಿ ಗುರುತು ಹಾಕಲು ಹೇಳಿದೆ. ಕನ್ನಂಬಾಡಿ ಅಣೆಕಟ್ಟೆಗಾಗಿ ಅರಮನೆಯ ಒಡವೆಗಳನ್ನು ಮಾರಿದರೆಂಬ ವಾಕ್ಯವನ್ನು ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಹಾಗೆಯೇ ಬಿಟ್ಟರು. ಅಧ್ಯಾಪಕರಲ್ಲಿ ಹೆಚ್ಚಿನವರು ಗುರುತು ಹಾಕಿದರು. ಎಲ್ಲರ ಬಾಯಲ್ಲಿರುವ ಮಾತು ಬೇರೆ, ಯಾರೂ ಪ್ರಶ್ನಿಸದ ಸಂಗತಿ ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು ಆ ಹಾಳೆಯಿಂದ. ಅಂದಿನಿಂದ ವಿಷಯ ಬಲ್ಲವರ ಗುರುತನ್ನೇ ಪ್ರಮಾಣವಾಗಿ ಹಿಡಿಯುತ್ತೇನೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಶಾಸನತಜ್ಞರ ನಡುವೆ ಮಾತಿಲ್ಲದೆ ಸಾಗುವ ಲಿಪಿವಿಚಾರಗಳು ಪದವಿ ವಿದ್ಯಾರ್ಥಿಗೆ ಹೊಸವು, ಅವನಿಗಾಗಿ ಬರೆಯುವಾಗ ಅಲ್ಲೂ ಆಕರ ಕೊಟ್ಟಿದ್ದೇನೆ. ಸಂಗತಿ ಸರ್ವವಿದಿತವಾಗಿದ್ದರೂ, ಅದನ್ನು ಇನ್ನೊಬ್ಬರ ವಾಕ್ಯದಲ್ಲೇ ಹೇಳಿದ್ದರೆ ಉದ್ಧರಣ ಚಿಹ್ನೆಯನ್ನೂ ಹೆಸರನ್ನೂ ಬಿಟ್ಟಿಲ್ಲ.

ಗಡಿಯ ಮೇಲೆಯೇ ನಿಂತಿರುವ ಕೆಲವು ವಾಕ್ಯಗಳು ಈಗಲೂ ಇವೆ. ಕೆಂಪೇಗೌಡರು ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂಬುದನ್ನು ಆಕರವಿಲ್ಲದೆ ಉಳಿಸಿದ್ದೇನೆ. ಅದು 1537ರಲ್ಲಿ ಆಯಿತು ಎಂಬುದಕ್ಕೆ, ಜೊತೆಗಿದ್ದ ಸಂಪಾದಕರು ಈ ಬಾರಿ ಬೇಡವೆಂದರೂ, ಅಡಿಟಿಪ್ಪಣಿಯನ್ನು ಹಾಕಿಸಿದ್ದೇನೆ.