ಏರೋಪ್ರೆಸ್: ತಲೆಕೆಳಗಾ, ನೇರವಾ? ನನ್ನ ಅನುಭವ

ಏರೋಪ್ರೆಸ್ ಅಂದರೆ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ, ಪ್ಲಂಜರ್ ಒತ್ತಿ ಪೇಪರ್ ಫಿಲ್ಟರ್ ಮೂಲಕ ಕಾಫಿ ಇಳಿಸುವ ಕೊಳವೆ. ಅದನ್ನು ಕೊಂಡವರು ಮೊದಲು ಕೇಳುವುದೇ ಇದನ್ನು: ನೇರವಾಗಿ ಇಟ್ಟು ಮಾಡಬೇಕಾ, ತಲೆಕೆಳಗೆ ಮಾಡಿ ಇಡಬೇಕಾ? ನಾನು ಒಂದೇ ಅಳತೆಯಲ್ಲಿ ಎರಡನ್ನೂ ಮಾಡಿ ಕುಡಿದು ನೋಡಿದೆ. ಚಿಕೋರಿ ಇಲ್ಲದ ಚಿಕ್ಕಮಗಳೂರಿನ ಅರೇಬಿಕಾ 15 ಗ್ರಾಂ, ಪುಡಿ ಉಪ್ಪಿನಷ್ಟು ಸಣ್ಣಗೆ ಬೀಸಿದ್ದು. ನೀರು 220 ಗ್ರಾಂ. ನೆನೆಯಲು ಎರಡು ನಿಮಿಷ. ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಹಾಗಾಗಿ ಒಲೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು.

ನೇರವಾಗಿ ಇಟ್ಟಾಗ ಇರುವ ಒಂದೇ ತೊಂದರೆ ಎಂದರೆ, ನೀರು ಹಾಕುತ್ತಿದ್ದಂತೆ ಪೇಪರಿನಿಂದ ಒಂದಿಷ್ಟು ತೊಟ್ಟಿಕ್ಕಿ ಹೋಗುತ್ತದೆ. ಆ ನೀರು ಪುಡಿಯಲ್ಲಿ ಸರಿಯಾಗಿ ನೆನೆದಿರುವುದಿಲ್ಲ. ಇದಕ್ಕೆ ತಲೆಕೆಳಗೆ ಮಾಡಲೇಬೇಕೆಂದೇನಿಲ್ಲ. ನೀರು ಹಾಕಿ, ಬೇಗ ಕಲಕಿ, ಪ್ಲಂಜರನ್ನು ಕೊಳವೆಯ ಬಾಯಿಗೆ ಒಂದು ಸೆಂಟಿಮೀಟರ್ ಒಳಕ್ಕೆ ತೂರಿಸಿ, ಕೂದಲೆಳೆಯಷ್ಟು ಮೇಲಕ್ಕೆ ಎಳೆಯಿರಿ. ಒಳಗೆ ಗಾಳಿಯ ಒತ್ತಡ ತಗ್ಗಿ ತೊಟ್ಟಿಕ್ಕುವುದು ನಿಲ್ಲುತ್ತದೆ. ಹೀಗೆ ಮಾಡಿದ ಲೋಟಕ್ಕೂ ತಲೆಕೆಳಗಿನ, ಅಂದರೆ ಇನ್ವರ್ಟೆಡ್ ಲೋಟಕ್ಕೂ ನನ್ನ ನಾಲಿಗೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇನ್ವರ್ಟೆಡ್‌ನಲ್ಲಿ ಒತ್ತುವ ಮೊದಲು ಲೋಟದ ಮೇಲೆ ಮಗುಚುವಾಗ ಪುಡಿಯೆಲ್ಲ ಮತ್ತೆ ಕದಡುತ್ತದೆ. ಆಗಲೇ ಒತ್ತಬಾರದು, ಪುಡಿ ಪೇಪರಿನ ಮೇಲೆ ಕೂರಲು ಅರ್ಧ ನಿಮಿಷ ಬಿಡಬೇಕು. ಬಿಸಿನೀರು ಕೈಮೇಲೆ ಚೆಲ್ಲುವ ಅಪಾಯ ಬೇರೆ!

ನಿಜವಾದ ವ್ಯತ್ಯಾಸ ಕಂಡದ್ದು ಒತ್ತುವ ವೇಗದಲ್ಲಿ. ಮೂವತ್ತು ಸೆಕೆಂಡು ಹಿಡಿದು ಮೆಲ್ಲಗೆ ಒತ್ತಿದರೆ ಕೂತ ಪುಡಿಯೇ ಇನ್ನೊಂದು ಜರಡಿಯಾಗಿ ಸಣ್ಣ ಕಣಗಳನ್ನು ತಡೆಯುತ್ತದೆ. ಹತ್ತು ಸೆಕೆಂಡಿನಲ್ಲಿ ಬಲವಾಗಿ ಒತ್ತಿದಾಗ ಕಾಫಿ ಮಬ್ಬಾಗಿ ಬಂತು. ಬಾಯಲ್ಲಿ ದಪ್ಪ ಅನಿಸಿತು, ಆದರೆ ಅದು ಪುಡಿಪುಡಿಯಾದ ದಪ್ಪ, ಕೊನೆಯಲ್ಲಿ ಒಗರು. ಲೋಟವನ್ನು ಐದು ನಿಮಿಷ ಸುಮ್ನೆ ಬಿಟ್ಟು, ಮೇಲಿನ ಕಾಫಿ ಬಗ್ಗಿಸಿ ತಳ ನೋಡಿ. ಗಸಿ ಜಾಸ್ತಿ ಇದ್ದರೆ ನಿಮಗೆ ಸಿಕ್ಕಿದ ಬಾಡಿ, ಅಂದರೆ ಬಾಯಲ್ಲಿ ಅನಿಸಿದ ದಪ್ಪ, ಅದರದ್ದೇ. ಹಾಂ, ಒತ್ತುವಾಗ ಬುಸ್ ಅಂದ ಕೂಡಲೇ ನಿಲ್ಲಿಸಿ. ಕೊನೆಯ ಹನಿಗಾಗಿ ಚರಟವನ್ನು ಹಿಂಡಬೇಡಿ.

ವೇಗ ಎಷ್ಟೇ ಬದಲಿಸಿದರೂ ಕಾಫಿಯ ಎಣ್ಣೆ ಹೆಚ್ಚುವುದಿಲ್ಲ, ಏಕೆಂದರೆ ಅದನ್ನು ಪೇಪರ್ ಹಿಡಿದುಕೊಳ್ಳುತ್ತದೆ. ಎರಡು ಪೇಪರ್ ಹಾಕಿದಾಗ ಕಾಫಿ ಇನ್ನೂ ತಿಳಿಯಾಯಿತು, ಒತ್ತಲು ಬಲವೂ ಜಾಸ್ತಿ ಬೇಕಾಯಿತು. ಪೇಪರ್ ತೆಗೆದು ಸ್ಟೀಲ್ ಜಾಲರಿ ಹಾಕಿದರೆ ಮೇಲೆ ಎಣ್ಣೆಯ ಹೊಳಪು ಕಾಣುತ್ತದೆ, ನಾಲಿಗೆಗೆ ಅಂಟುವ ದಪ್ಪ ಬರುತ್ತದೆ. ನಮ್ಮ ಮನೆಯ ಫಿಲ್ಟರ್‌ನಲ್ಲೂ ಪೇಪರ್ ಇಲ್ಲವಲ್ಲ. ಡಿಕಾಕ್ಷನ್ ಕುಡಿದು ಬೆಳೆದವರಿಗೆ ಪೇಪರಿನ ಕಾಫಿ ನೀರುನೀರು ಅನಿಸುವುದಕ್ಕೆ ಅದೂ ಒಂದು ಕಾರಣ. ಜಾಲರಿ ಹಾಕಿದಾಗ ಮಾತ್ರ ಪುಡಿ ಸ್ವಲ್ಪ ತರಿಯಾಗಿರಲಿ, ಒತ್ತುವುದು ಇನ್ನೂ ನಿಧಾನವಾಗಿರಲಿ. ಇಲ್ಲದಿದ್ದರೆ ಎಣ್ಣೆಯ ಜೊತೆ ಗಸಿಯೂ ಇಳಿಯುತ್ತದೆ. ನಾನು ಹಾಲು ಹಾಕುವ ದಿನ ಜಾಲರಿ ಬಳಸುತ್ತೇನೆ, ಬರೀ ಕಪ್ಪು ಕಾಫಿಗೆ ಒಂದು ಪೇಪರ್.